ನಾಲ್ಕು ಮನೆ, ಒಂದು ಸಂಬಳ

ಹೈದರಾಬಾದಿಗೆ ಬಂದ ಹೊಸತರಲ್ಲಿ ನಮ್ಮವರ ಕಿವಿಗೆ ಚುಚ್ಚುವ ತೆಲುಗು ಪದಗಳಲ್ಲಿ ‘ಜೀತಂ’ ಒಂದು. ತಿಂಗಳ ಮೊದಲ ವಾರದಲ್ಲಿ ಮನೆಗೆಲಸದಾಕೆ ಬಾಗಿಲಲ್ಲಿ ನಿಂತು “ಅಮ್ಮಾ, ಜೀತಂ” ಎಂದು ಕೇಳಿದಾಗ, ಕನ್ನಡದ ಕಿವಿಗೆ ಅದು ಜೀತದಾಳಿನ ಜೀತವಾಗಿಯೇ ಕೇಳಿಸುತ್ತದೆ. ತೆಲುಗಿನಲ್ಲಿ ಅದು ಸಂಬಳ, ಅಷ್ಟೆ. ಜಿಲ್ಲಾಧಿಕಾರಿ ಪಡೆಯುವುದೂ ಜೀತವೇ, ಸಾಫ್ಟ್‌ವೇರಿನವರು ಪಡೆಯುವುದೂ ಜೀತವೇ. ವರ್ಷ ಕಳೆದಂತೆ ಕಿವಿ ಒಗ್ಗಿಕೊಳ್ಳುತ್ತದೆ. ಆದರೂ ಈಚೆಗೆ ನಮ್ಮ ಬಡಾವಣೆಗಳಲ್ಲಿ ಶುರುವಾಗಿರುವ ಒಂದು ಹೊಸ ಲೆಕ್ಕಾಚಾರವನ್ನು ನೋಡುವಾಗ, ಈ ಎರಡು ಅರ್ಥಗಳ ನಡುವಿನ ಗೆರೆ ಎಲ್ಲಿದೆ ಎಂದು ಆಗಾಗ ಯೋಚಿಸುವಂತಾಗುತ್ತದೆ.

ಲೆಕ್ಕಾಚಾರ ಇಂಥದ್ದು. ಕೊಂಡಾಪುರ, ಮಿಯಾಪುರ, ನಿಜಾಂಪೇಟೆಗಳ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದು ಮಹಡಿಗೆ ನಾಲ್ಕೈದು ಬಾಗಿಲು. ಬಹಳ ಕಡೆ ಆ ನಾಲ್ಕೂ ಬಾಗಿಲಿಗೆ ಒಬ್ಬಳೇ ಕೆಲಸದಾಕೆ. ಇಷ್ಟು ದಿನ ಪ್ರತಿ ಮನೆಯೂ ತನ್ನ ಪಾಡಿಗೆ ತಾನು ಆಕೆಯೊಡನೆ ಮಾತಾಡಿಕೊಳ್ಳುತ್ತಿತ್ತು: ಪಾತ್ರೆಗೆ ಇಷ್ಟು, ಕಸ ಗುಡಿಸಿ ನೆಲ ಒರೆಸುವುದಕ್ಕೆ ಇಷ್ಟು, ಬಟ್ಟೆಗೆ ಇಷ್ಟು. ಈಗ ಕೆಲವು ಮಹಡಿಗಳಲ್ಲಿ ನೆರೆಹೊರೆಯವರು ಒಟ್ಟಾಗಿ ಕೂತು, ಆಕೆಗೆ ಒಂದೇ ಮೊತ್ತವನ್ನು ಗೊತ್ತುಮಾಡಿ, ಯಾವ ಮನೆಯಲ್ಲಿ ಎಷ್ಟು ಹೊತ್ತು ಕೆಲಸವೋ ಆ ಪ್ರಮಾಣದಲ್ಲಿ ಹಂಚಿಕೊಳ್ಳತೊಡಗಿದ್ದಾರೆ. ನಮ್ಮ ಮಹಡಿಯಲ್ಲೂ ಈ ಪದ್ಧತಿ ಬಂದು ಒಂದು ವರ್ಷವಾಯಿತು. ಇದು ಹಳೆಯ ರೀತಿಗಿಂತ ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಗಂಟೆ ಎಂದರೆ ಯಾವುದು, ಅದನ್ನು ಅಳೆಯುವವರು ಯಾರು, ಒಟ್ಟು ಮೊತ್ತವನ್ನು ಕಟ್ಟುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಇಲ್ಲದಿದ್ದರೆ, ಇದೇ ಲೆಕ್ಕ ಹಳೆಯದಕ್ಕಿಂತ ಕೆಟ್ಟದ್ದೂ ಆಗಬಲ್ಲದು.

ಹಳೆಯ ರೀತಿಯ ತೊಡಕೇನು? ‘ಪಾತ್ರೆ’ ಎಂಬುದು ಒಂದು ಅಳತೆಯೇ ಅಲ್ಲ. ಇಬ್ಬರು ವೃದ್ಧರಿರುವ ಮನೆಯ ಮುಸುರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಐದು ಮಂದಿಯ ಸಂಸಾರದಲ್ಲಿ ರಾತ್ರಿಯ ಕುಕ್ಕರು, ಬೆಳಗಿನ ಇಡ್ಲಿ ತಟ್ಟೆ, ಹಾಲು ಉಕ್ಕಿ ತಳ ಹಿಡಿದ ಪಾತ್ರೆ ಸೇರಿ ಅರ್ಧ ಗಂಟೆ ತಿನ್ನುತ್ತದೆ. ಎರಡಕ್ಕೂ ಬಾಯಿಮಾತಿನ ದರ ಸುಮಾರಾಗಿ ಒಂದೇ. ನಮ್ಮ ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದಾಗ ಈ ತೊಡಕನ್ನು ಗಮನಿಸಿತ್ತು. ಒಂದು ಕೆಲಸಕ್ಕೆ ದಿನಕ್ಕೆ 45 ನಿಮಿಷ ಎಂಬ ಅಳತೆಯನ್ನು ಅದು ಇಟ್ಟುಕೊಂಡಿತು. ಮನೆಯಲ್ಲಿ ನಾಲ್ವರಿಗಿಂತ ಹೆಚ್ಚು ಜನರಿದ್ದರೆ ಶೇಕಡ 10 ಹೆಚ್ಚು ಕೊಡಬೇಕೆಂದಿತು. ದಿನವಿಡೀ ಒಂದೇ ಮನೆಯಲ್ಲಿ ದುಡಿಯುವವಳು ಬೇರೆ, ಹೊತ್ತು ಹಂಚಿಕೊಂಡು ನಾಲ್ಕು ಮನೆ ಸುತ್ತುವವಳು ಬೇರೆ ಎಂಬುದನ್ನು ಒಪ್ಪಿಕೊಂಡ ಲೆಕ್ಕ ಅದು. ಇಲ್ಲಿ, ಅವಿಭಜಿತ ಆಂಧ್ರಪ್ರದೇಶದಲ್ಲಿ, 2007ರಲ್ಲಿ ಮನೆಗೆಲಸ ಕನಿಷ್ಠ ವೇತನದ ಪಟ್ಟಿಗೆ ಸೇರಿತು. ಆದರೆ ನಾಲ್ಕು ಮನೆಯವರು ಸೇರಿ ಒಬ್ಬಳಿಗೆ ಒಂದು ಸಂಬಳ ಕಟ್ಟಿದರೆ ಅದನ್ನು ಹೇಗೆ ಪಾಲು ಮಾಡಬೇಕೆಂಬುದು ಮಹಡಿಯವರಿಗೇ ಬಿಟ್ಟ ಮಾತು.

ಒಂದು ಮಹಡಿಯ ಲೆಕ್ಕವನ್ನು ಬಿಡಿಸಿ ನೋಡೋಣ. ಮೊತ್ತಗಳನ್ನು ಭಾಗಾಕಾರ ಸುಲಭವಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ. ಇದು ಇಂಥ ಕಡೆಯ ದರ ಎಂದು ಯಾರೂ ಹಿಡಿಯಬಾರದು. 301ರಲ್ಲಿ ನಿವೃತ್ತ ದಂಪತಿ, 45 ನಿಮಿಷದ ಕೆಲಸ. 302ರಲ್ಲಿ ಅತ್ತೆ ಮಾವ ಸೇರಿ ಐವರು, ಪಾತ್ರೆ, ನೆಲ, ಬಟ್ಟೆ ಮೂರೂ ಇರುವುದರಿಂದ 90 ನಿಮಿಷ. 303ರಲ್ಲಿ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರು, 45 ನಿಮಿಷ. 304ರಲ್ಲಿ ತಾಯಿ ತಂದೆ ಮಗು, 60 ನಿಮಿಷ. ಕೂಡಿದರೆ ದಿನಕ್ಕೆ 240 ನಿಮಿಷ, ಅಂದರೆ ನಾಲ್ಕು ಗಂಟೆ. ತಿಂಗಳಿಗೆ 12,000 ರೂಪಾಯಿ ಎಂದು ಒಪ್ಪಿದರೆ, ದಿನದ ಒಂದೊಂದು ನಿಮಿಷಕ್ಕೆ ತಿಂಗಳಿಗೆ 50 ರೂಪಾಯಿ ಬೀಳುತ್ತದೆ. 301 ಮತ್ತು 303 ತಲಾ 2,250, 302ರವರು 4,500, 304ರವರು 3,000 ಕೊಡುತ್ತಾರೆ. ಇಬ್ಬರೇ ಇರುವ ಮನೆ ಐವರ ಮನೆಯ ಹೊರೆಯನ್ನು ಹೊರುವುದು ತಪ್ಪಿತು. ಬಹಳ ಮಹಡಿಗಳು ಇಲ್ಲಿಗೆ ನಿಲ್ಲುತ್ತವೆ, ನ್ಯಾಯವಾಯಿತೆಂದು ಚಹಾ ಕುಡಿದು ಎದ್ದು ಹೋಗುತ್ತವೆ.

ಆದರೆ ಆಕೆ ಬೆಳಗ್ಗೆ ಏಳೂವರೆಗೆ ಗೇಟಿನ ಒಳಗೆ ಬಂದರೆ ಹೊರಬೀಳುವುದು ಹನ್ನೆರಡೂವರೆಗೆ. ಅದು ನಾಲ್ಕು ಗಂಟೆಯಲ್ಲ, ಐದು. ಉಳಿದ ಒಂದು ಗಂಟೆ ಎಲ್ಲಿ ಹೋಯಿತು? 303ರ ಹುಡುಗರು ರಾತ್ರಿಪಾಳಿ ಮುಗಿಸಿ ಮಲಗಿರುತ್ತಾರೆ. ಎರಡು ಸಲ ಗಂಟೆ ಒತ್ತಿ, ಮೆಟ್ಟಿಲ ಮೇಲೆ ಕೂತು, ಅವರು ಏಳುವವರೆಗೆ ಕಾಯುವುದರಲ್ಲಿ ಅರ್ಧ ಗಂಟೆ ಹೋಗುತ್ತದೆ. ಇನ್ನರ್ಧ ಗಂಟೆ ಚೂರುಚೂರಾಗಿ ಕರಗುತ್ತದೆ: ಲಿಫ್ಟು ಕೆಟ್ಟ ದಿನ, ಒಂದು ಮನೆಯಲ್ಲಿ ಪೂಜೆ ಮುಗಿಯದೆ ಅಡುಗೆಮನೆ ಬಿಡದಿರುವುದು, ಇನ್ನೊಂದರಲ್ಲಿ ನೀರು ನಿಂತಿರುವುದು, ಕೈಕಾಲು ತೊಳೆದು ಒಂದು ಲೋಟ ಚಹಾ ಕುಡಿಯುವುದು. ಈ ಒಂದು ಗಂಟೆ ಯಾವ ಮನೆಯ ಗಂಟೆಯೂ ಅಲ್ಲ. ಆದರೆ ಅದು ಆಕೆಯ ಗಂಟೆ. ಆ ಹೊತ್ತಿನಲ್ಲಿ ಆಕೆ ಬೇರೆಲ್ಲೂ ದುಡಿಯಲಾರಳು, ಮನೆಗೂ ಹೋಗಲಾರಳು.

ಕೆಲಸದ ಹೊತ್ತನ್ನಷ್ಟೇ ಹಂಚುವ ಲೆಕ್ಕದ ದೊಡ್ಡ ದೋಷ ಇದು. ಹಳೆಯ ಪದ್ಧತಿಯಲ್ಲಿ ದರವೇ ಅಂದಾಜಿನದಾಗಿದ್ದುದರಿಂದ ಈ ಕಾಯುವ ಹೊತ್ತೂ ಅದರಲ್ಲಿ ಹೇಗೋ ಅಡಗಿ ಕೂತಿರುತ್ತಿತ್ತು. ನಿಮಿಷ ಎಣಿಸಲು ಹೊರಟ ಕೂಡಲೇ ಅದು ಹೊರಗೆ ಬಿತ್ತು, ಅದರ ಹೊರೆ ಪೂರ್ತಿ ಆಕೆಯ ತಲೆಗೆ ಬಂತು. ನಿಖರತೆ ಎಂಬುದು ಎಲ್ಲರಿಗೂ ಒಂದೇ ಸಮನಾಗಿ ಒದಗಿ ಬರುವುದಿಲ್ಲ. ಎಣಿಸುವವರು ತಮಗೆ ಕಾಣುವುದನ್ನು ಎಣಿಸುತ್ತಾರೆ, ಮೆಟ್ಟಿಲು ಯಾರ ಮನೆಯ ಒಳಗಿನಿಂದಲೂ ಕಾಣುವುದಿಲ್ಲ.

ಆದ್ದರಿಂದ ಗೇಟಿನಿಂದ ಗೇಟಿಗೆ ಎಣಿಸಬೇಕು. ಐದು ಗಂಟೆ ಎಂದರೆ 300 ನಿಮಿಷ. ಅದೇ 50 ರೂಪಾಯಿಯಂತೆ ಒಟ್ಟು 15,000. ಈಗ ಹಂಚಿಕೆ ಬೇರೆಯಾಗುತ್ತದೆ. ಯಾವ ಮನೆಯಿಂದಾಗಿ ಕಾಯಬೇಕಾಯಿತೋ ಆ ಹೊತ್ತು ಆ ಮನೆಯದು. ಹೀಗೆ 303ರ ಲೆಕ್ಕಕ್ಕೆ 30 ನಿಮಿಷ ಕೂಡಿ ಅದು 75 ಆಗುತ್ತದೆ. ಯಾರ ತಪ್ಪೂ ಅಲ್ಲದ ಉಳಿದ 30 ನಿಮಿಷವನ್ನು ನಾಲ್ಕು ಮನೆಗೂ ಸಮನಾಗಿ, ಏಳೂವರೆ ನಿಮಿಷದಂತೆ ಹಾಕಬೇಕು. ಲಿಫ್ಟು ಕೆಟ್ಟರೆ ದೊಡ್ಡ ಮನೆಗೂ ಚಿಕ್ಕ ಮನೆಗೂ ಮೆಟ್ಟಿಲು ಅಷ್ಟೇ ತಾನೆ. ಆಗ 301ರ ಪಾಲು 2,625, 302ರದು 4,875, 303ರದು 4,125, 304ರದು 3,375. ಕೂಡಿಸಿದರೆ ಹದಿನೈದು ಸಾವಿರಕ್ಕೆ ಸರಿಹೋಗುತ್ತದೆ.

ಈ ಹಂಚಿಕೆಯಲ್ಲಿ ನನಗೆ ಹಿಡಿಸಿದ್ದು ಅದರ ಪರಿಣಾಮ. ತಮ್ಮ ನಿದ್ದೆಗೆ ತಿಂಗಳಿಗೆ 1,500 ರೂಪಾಯಿ ಬೆಲೆ ಎಂದು ಕಾಗದದ ಮೇಲೆ ಕಂಡಮೇಲೆ ಇಂಥ ಹುಡುಗರು ಒಂದು ಕೀಲಿಕೈಯನ್ನು 301ರಲ್ಲಿ ಇಡಲು ಒಪ್ಪುತ್ತಾರೆ. ಬರಿಯ ಮಾತಿನಲ್ಲಿ “ಸ್ವಲ್ಪ ಬೇಗ ಬಾಗಿಲು ತೆಗೆಯಿರಪ್ಪಾ” ಎಂದು ವರ್ಷವಿಡೀ ಹೇಳಿದರೂ ಆಗದ್ದು ಹೀಗೆ ಆಗುತ್ತದೆ. ಆದರೆ ಆಗಲೂ ಒಂದು ಸಿಕ್ಕು ಉಳಿಯುತ್ತದೆ. ಕಾಯುವ ಅರ್ಧ ಗಂಟೆ ತಪ್ಪಿತೆಂದು ಮರುತಿಂಗಳೇ ಆಕೆಯ ಸಂಬಳದಿಂದ 1,500 ಇಳಿಸಿಬಿಟ್ಟರೆ, ಹುಡುಗರು ಸುಧಾರಿಸಿದ್ದಕ್ಕೆ ದಂಡ ತೆತ್ತವಳು ಆಕೆ. ಇಳಿಸದೆ ಉಳಿದ 270 ನಿಮಿಷಕ್ಕೇ 15,000ವನ್ನು ಹಂಚಿದರೆ ನಿಮಿಷದ ದರ ಐವತ್ತೈದೂವರೆ ದಾಟುತ್ತದೆ, 301ರ ವೃದ್ಧರು ಏನೂ ಮಾಡದೆಯೇ ಹೆಚ್ಚು ಕೊಡಬೇಕಾಗುತ್ತದೆ. ನನಗೆ ತೋರುವ ದಾರಿ ಇದು: ಆ ಬಿಡುವಾದ ಅರ್ಧ ಗಂಟೆಗೆ ಆಕೆಗೆ ಇನ್ನೊಂದು ಕೆಲಸ ಸಿಗುವವರೆಗೆ 303ರವರೇ ಅದನ್ನು ಕೊಡುತ್ತ ಹೋಗಬೇಕು. ಅಪಾರ್ಟ್‌ಮೆಂಟುಗಳಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಮನೆ ಸಿಗಲು ಬಹಳ ದಿನ ಬೇಕಿಲ್ಲ. ಮೇಲಿನ ಮಹಡಿಯವರು ಕೇಳುತ್ತಲೇ ಇರುತ್ತಾರೆ.

ಇನ್ನು ಅಳೆಯುವ ವಿಷಯ. ಬಹಳ ಕಡೆ ಗೇಟಿನ ಆ್ಯಪ್ ಇದೆಯಲ್ಲ, ಅದರಲ್ಲೇ ನೋಡಿಕೊಳ್ಳೋಣ ಎನ್ನುವವರಿದ್ದಾರೆ. ಆ್ಯಪ್ ಹೇಳುವುದು ಆಕೆ ಆವರಣದೊಳಗೆ ಬಂದ ಹೊತ್ತು, ಹೋದ ಹೊತ್ತು. ಒಟ್ಟು ಐದು ಗಂಟೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ, ಅಷ್ಟರಮಟ್ಟಿಗೆ ಅದು ಆಕೆಗೇ ಅನುಕೂಲ. ಆದರೆ ಒಳಗೆ ಯಾವ ಬಾಗಿಲಲ್ಲಿ ಎಷ್ಟು ಹೊತ್ತು ಎಂಬುದು ಅದಕ್ಕೆ ತಿಳಿಯದು. ಅದನ್ನು ಎರಡು ವಾರ ಬರೆದಿಟ್ಟು ನೋಡುವುದೊಂದೇ ದಾರಿ, ಒಂದು ವಾರ ಸಾಲದು. ಸೋಮವಾರದ ಮುಸುರೆಯಲ್ಲಿ ಭಾನುವಾರದ ನೆಂಟರಿರುತ್ತಾರೆ. ಬರೆಯುವ ವಾರದಲ್ಲಿ ಒಂದು ಮನೆಯವರು ಊರಿಗೆ ಹೋಗಿದ್ದರೆ ಲೆಕ್ಕ ಕೆಡುತ್ತದೆ. ಬರೆಯುವವರು ಯಾರು ಎಂಬುದೂ ಮುಖ್ಯ. ಮನೆಯವರು ಬರೆದರೆ ಆಕೆ ಒಳಗೆ ಬಂದದ್ದು ಎಂಟೂಹತ್ತು, ಹೋದದ್ದು ಎಂಟೂಐವತ್ತು. ಆಕೆಯನ್ನೇ ಕೇಳಿದರೆ ಎಂಟಕ್ಕೆ ಬಂದೆ, ಒಂಬತ್ತಕ್ಕೆ ಹೋದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡನ್ನೂ ಬರೆದು ಎದುರೆದುರು ಇಟ್ಟು ಮಾತಾಡಿದರೆ ಐವತ್ತು ನಿಮಿಷಕ್ಕೆ ಬಂದು ನಿಲ್ಲುತ್ತದೆ. ಆ ಎರಡು ವಾರ ಕಳೆದಮೇಲೆ ಗಡಿಯಾರವನ್ನು ಮುಚ್ಚಿಡಬೇಕು.

ಮುಚ್ಚಿಡಬೇಕು ಎನ್ನುವುದಕ್ಕೆ ಕಾರಣವಿದೆ. ಗಂಟೆಗೆ ಕೂಲಿ ಎಂದು ಹಿಡಿದರೆ ಚುರುಕಾದ ಕೈಗೆ ನಷ್ಟ, ನಿಧಾನದ ಕೈಗೆ ಲಾಭ. ಒಂದು ಮನೆಯ ಅಡುಗೆಕಟ್ಟೆಯ ಅಂದಾಜು ಕೈಗೆ ಬಂದಮೇಲೆ ಯಾರಿಗೇ ಆದರೂ ಕೆಲಸ ಬೇಗ ಆಗುತ್ತದೆ. 90 ನಿಮಿಷದ ಕೆಲಸವನ್ನು ಆಕೆ ಆರು ತಿಂಗಳ ನಂತರ 75ರಲ್ಲಿ ಮುಗಿಸಿದರೆ 302ರವರು ಪಾಲು ಇಳಿಸುವ ಹಾಗಿಲ್ಲ. ಬರೆದದ್ದು ಆ ಮನೆಯಲ್ಲಿರುವ ಕೆಲಸದ ಅಳತೆ, ಆಕೆಯ ಓಟದ ಅಳತೆಯಲ್ಲ. ಅದೇ 302ರವರು ಬಟ್ಟೆ ಒಗೆಯುವ ಯಂತ್ರ ತಂದು ಆಕೆಗೆ ಒಣಹಾಕುವುದನ್ನಷ್ಟೇ ಉಳಿಸಿದರೆ ಆಗ ಕೆಲಸವೇ ಕಡಿಮೆಯಾಯಿತು. ಒಂದು ತಿಂಗಳು ಮುಂಚೆ ಹೇಳಿ ಪಾಲನ್ನು ತಿದ್ದಬಹುದು. ಮಗು ಹುಟ್ಟಿದರೆ, ಊರಿನಿಂದ ಅಮ್ಮ ಬಂದು ಉಳಿದರೆ ಹೆಚ್ಚಾಗಬೇಕು. ನಮ್ಮವರು ಯಂತ್ರ ತಂದದ್ದನ್ನು ಮರುದಿನವೇ ಹೇಳುತ್ತಾರೆ, ಅಮ್ಮ ಬಂದದ್ದನ್ನು ಮೂರು ತಿಂಗಳಾದರೂ ಹೇಳುವುದಿಲ್ಲ ಎಂಬುದು ಬೇರೆ ಮಾತು.

ಅಡುಗೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು ಎಂದೂ ನನ್ನ ಎಣಿಕೆ. ಈ ಊರಿನಲ್ಲಿ ಅಡುಗೆಯಾಕೆಯ ಗಂಟೆಗೂ ಮುಸುರೆಯ ಗಂಟೆಗೂ ಬೆಲೆ ಬೇರೆ. ಒಬ್ಬಳೇ ಎರಡನ್ನೂ ಮಾಡಿದರೆ ಅಡುಗೆಯ ಮನೆಯವರು ಅದನ್ನು ತಾವೇ ಬೇರೆ ಮಾತಾಡಿಕೊಳ್ಳಲಿ. ಎಲ್ಲವನ್ನೂ ಒಂದೇ ನಿಮಿಷಕ್ಕೆ ಅದ್ದಿದರೆ ಪಲ್ಯ ಹೆಚ್ಚಿಸಿಕೊಳ್ಳುವ ಮನೆಗೆ ಮಾತ್ರ ಲಾಭ.

ಈಗ ನಮ್ಮಂಥ ಹೊರನಾಡಿನವರಿಗೆ ನೇರವಾಗಿ ತಟ್ಟುವ ಮಾತಿಗೆ ಬರುತ್ತೇನೆ. ಏಪ್ರಿಲ್ ಕೊನೆಯಲ್ಲಿ ಶಾಲೆಗೆ ರಜೆ ಬಿಟ್ಟ ಕೂಡಲೇ ಕಾಚಿಗೂಡ ನಿಲ್ದಾಣದಲ್ಲಿ ನಮ್ಮವರ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಧಾರವಾಡಕ್ಕೋ ಮೈಸೂರಿಗೋ ರಾಯಚೂರಿಗೋ ಹೋದರೆ ಮನೆಗೆ ಬೀಗ ಬಿದ್ದು ಒಂದು ತಿಂಗಳು. ಗಂಟೆಯ ಲೆಕ್ಕವನ್ನು ಅಕ್ಷರಶಃ ಹಿಡಿದವರು ಕೇಳುತ್ತಾರೆ: ಕೆಲಸವೇ ಇಲ್ಲದ ತಿಂಗಳಿಗೆ ನಿಮಿಷ ಸೊನ್ನೆ, ಹಾಗಾಗಿ ಪಾಲೂ ಸೊನ್ನೆ ಅಲ್ಲವೆ? ಮೇಲಿನ ಮಹಡಿಯಲ್ಲಿ 304ರವರೊಬ್ಬರು ಹೋದರೆ ಆಕೆಯ ತಿಂಗಳಿನಿಂದ 3,375 ಹೋಯಿತು. ಅದೇ ಮೇ ತಿಂಗಳಲ್ಲಿ 302ರವರೂ ಹೋದರೆ ಒಟ್ಟು 8,250, ಅರ್ಧಕ್ಕಿಂತ ಹೆಚ್ಚು. ಆದರೆ ಆಕೆ ಮೇ ತಿಂಗಳಲ್ಲಿ ಅರ್ಧ ಬಾಡಿಗೆ ಕೊಟ್ಟು ಅರ್ಧ ಕೋಣೆಯಲ್ಲಿ ಮಲಗಲಾರಳು. ಜೂನಿನಲ್ಲಿ ಆಕೆಯ ಮಕ್ಕಳ ಶಾಲೆಯ ಖರ್ಚು ಬೇರೆ ಕಾದಿರುತ್ತದೆ. ಆ ಒಂದು ತಿಂಗಳಿಗೆಂದು ಬೇರೆ ಮನೆ ಹಿಡಿದರೆ, ನಾವು ಹಿಂದಿರುಗಿ ಬಂದ ದಿನ “ನಮ್ಮ ಹೊತ್ತನ್ನು ಬೇರೆಯವರಿಗೆ ಕೊಟ್ಟುಬಿಟ್ಟಳು” ಎಂದು ದೂರುವವರೂ ನಾವೇ.

ಈ ದೂರಿನಲ್ಲೇ ಉತ್ತರವಿದೆ. ನಮ್ಮ ಹೊತ್ತು ಎಂದು ನಾವು ಹೇಳುವುದಾದರೆ, ನಾವು ಕೊಡುತ್ತಿರುವುದು ಕೆಲಸ ನಡೆದ ನಿಮಿಷಕ್ಕಲ್ಲ, ದಿನದಲ್ಲಿ ನಮಗಾಗಿ ತೆಗೆದಿಟ್ಟ ಜಾಗಕ್ಕೆ. ಊರಿಗೆ ಹೋದಾಗ ಫ್ಲ್ಯಾಟಿನ ಬಾಡಿಗೆಯನ್ನು ಯಾರೂ ನಿಲ್ಲಿಸುವುದಿಲ್ಲ, ಕಾರು ನಿಲ್ಲಿಸುವ ಜಾಗದ ಶುಲ್ಕವನ್ನೂ ನಿಲ್ಲಿಸುವುದಿಲ್ಲ. ಆದ್ದರಿಂದ ನಾವು ಬೀಗ ಹಾಕಿದ ತಿಂಗಳೂ ಪಾಲು ಪೂರ್ತಿ ಕೊಡಬೇಕು. ಅರ್ಧ ಕೊಟ್ಟರೆ ಸಾಕು ಎನ್ನುವ ನಮ್ಮ ಬಳಗದ ಕೆಲವು ಗೆಳೆಯರ ವಾದ ನನಗೆ ಒಪ್ಪಿಗೆಯಾಗಿಲ್ಲ. ಅರ್ಧ ಎಂಬುದಕ್ಕೆ ಆಧಾರ ಯಾವುದು, ಕೇವಲ ಸಂಕೋಚವಲ್ಲವೆ? ಹಾಗೆಯೇ ಬತುಕಮ್ಮಕ್ಕೆ, ಬೋನಾಲಿಗೆ, ನೆಂಟರ ಮದುವೆಗೆ ಆಕೆ ತನ್ನೂರಿಗೆ ಹೋಗುವ ದಿನಗಳು ವರ್ಷಕ್ಕೆ ಇಷ್ಟು ಎಂದು ಮೊದಲೇ ಒಪ್ಪಿಕೊಂಡಿದ್ದರೆ, ಅವನ್ನು ‘ನಾಗಾ’ ಎಂದು ಬರೆದು ನಾಲ್ಕು ಮನೆಯವರೂ ನಾಲ್ಕು ಕಡೆ ಕತ್ತರಿಸುವ ಪ್ರಸಂಗ ಬರುವುದಿಲ್ಲ. ಫ್ರಾನ್ಸಿನಲ್ಲಿ ಮನೆಗೆಲಸದವರಿಗೆ ಗಂಟೆಯ ಲೆಕ್ಕದಲ್ಲಿ ಕೊಡುವ ಒಂದು ಚೆಕ್ಕಿನ ವ್ಯವಸ್ಥೆಯಿದೆ. ಅದರಲ್ಲಿ ರಜೆಯ ಸಂಬಳವನ್ನು ರಜೆ ಬಂದಾಗ ಬೇರೆಯಾಗಿ ಕೊಡದಿದ್ದರೆ, ಪ್ರತಿ ಗಂಟೆಯ ಕೂಲಿಗೇ ಶೇಕಡ 10 ಕೂಡಿಸಿಬಿಡುತ್ತಾರೆ. ಗಂಟೆಯ ಲೆಕ್ಕ ರಜೆಯನ್ನು ನುಂಗುತ್ತದೆ ಎಂಬುದು ಅವರಿಗೂ ಗೊತ್ತಾಗಿರಬೇಕು.

ಇಷ್ಟೆಲ್ಲ ಸರಿಯಾದರೂ ಒಂದು ಅಪಾಯ ಉಳಿಯುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಬೇರೆ ಬೇರೆಯಾಗಿದ್ದಾಗ ನಾಲ್ಕು ಮನೆ ನಾಲ್ಕು ಯಜಮಾನಿಕೆ. 302ರವರು ಹೆಚ್ಚಿಸಲು ಒಪ್ಪದಿದ್ದರೆ ಆಕೆ ಆ ಮನೆಯನ್ನು ಬಿಟ್ಟು ಉಳಿದ ಮೂರರಲ್ಲಿ ಮುಂದುವರಿಯಬಹುದಿತ್ತು. ಎರಡನೆಯ ಮಹಡಿಯಲ್ಲಿ ಇಷ್ಟು ಕೊಡುತ್ತಾರೆ ಎಂದು ಒಬ್ಬರ ದರವನ್ನು ಇನ್ನೊಬ್ಬರಿಗೆ ತೋರಿಸಬಹುದಿತ್ತು. ಆಕೆಯ ಚೌಕಾಸಿಯ ಬಲವೆಲ್ಲ ಆ ಬಿಡಿತನದಲ್ಲಿತ್ತು. ನಾಲ್ವರೂ ಒಂದು ಸೋಫಾದ ಮೇಲೆ ಕೂತು ಮೊತ್ತವನ್ನು ಗೊತ್ತುಮಾಡಿದ ದಿನ ಆ ಬಲ ಹೋಗುತ್ತದೆ. ಒಂದು ಮನೆಯಲ್ಲಿ ಲೋಟ ಒಡೆದದ್ದಕ್ಕೆ ಜಗಳವಾದರೆ ನಾಲ್ಕೂ ಬಾಗಿಲು ಒಟ್ಟಿಗೆ ಮುಚ್ಚಬಹುದು. ದುಡಿಯುವವರು ಒಟ್ಟಾಗುವುದನ್ನು ಈ ದೇಶ ಕಂಡಿದೆ. 1980ರಲ್ಲಿ ಪುಣೆಯ ಮನೆಗೆಲಸದ ಹೆಂಗಸರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರಿಂದಲೇ ಅಲ್ಲಿ ಅವರ ಸಂಘಟನೆ ಬೆಳೆಯಿತು. ಇಲ್ಲಿ ಒಟ್ಟಾಗುತ್ತಿರುವವರು ಕೊಡುವವರು. ಲೆಕ್ಕ ಎಷ್ಟೇ ಚೆನ್ನಾಗಿರಲಿ, ಈ ತಿರುವನ್ನು ಮರೆಯಬಾರದು.

ಇದಕ್ಕೆ ಎರಡು ತಡೆಗಳನ್ನು ಇಡಬಹುದು. ಮೊದಲನೆಯದು, ಒಟ್ಟು ಮೊತ್ತವನ್ನು ಮೊದಲು ಹೇಳುವವಳು ಆಕೆಯಾಗಿರಬೇಕು, ಆ ಮಾತಿನಲ್ಲಿ ಆಕೆ ಕೂತಿರಬೇಕು. ನಮ್ಮಲ್ಲಿ ಹಂಚಿಕೆಯ ಸಭೆಗಳು ಸಾಮಾನ್ಯವಾಗಿ ಆಕೆ ಇಲ್ಲದ ಸಂಜೆಯಲ್ಲಿ ನಡೆದು, ಬೆಳಗ್ಗೆ ತೀರ್ಪು ಓದಿ ಹೇಳಲಾಗುತ್ತದೆ. ಮೊದಲು ನಿಮಿಷಕ್ಕೆ ದರ ಕಟ್ಟಿ ಅದರಿಂದ ಮೊತ್ತಕ್ಕೆ ಹೋದರೆ, ದರ ಇಳಿಸುವ ಆಸೆ ಸಹಜವಾಗಿ ಬರುತ್ತದೆ. ಆಕೆಯ ತಿಂಗಳು ಎಷ್ಟರಲ್ಲಿ ನಡೆಯುತ್ತದೆ ಎಂಬುದರಿಂದ ಹೊರಟು ನಿಮಿಷಕ್ಕೆ ಇಳಿದರೆ, ಹಂಚಿಕೊಳ್ಳುವವರ ಚೌಕಾಸಿ ತಮ್ಮತಮ್ಮಲ್ಲೇ ನಡೆಯುತ್ತದೆ. 301ರವರು 302ರವರೊಡನೆ ಎಷ್ಟು ಬೇಕಾದರೂ ವಾದಿಸಲಿ, ಮೊತ್ತ ಕದಲುವುದಿಲ್ಲ. ಈ ಪದ್ಧತಿಯ ನಿಜವಾದ ಗುಣ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಎರಡನೆಯದು, ಲೆಕ್ಕ ಒಟ್ಟಿಗೆ ಇರಲಿ, ಹಣ ಕೊಡುವುದು ಬೇರೆ ಬೇರೆ ಇರಲಿ. ಒಬ್ಬರ ಕೈಗೆ ಎಲ್ಲರ ಪಾಲೂ ಸೇರಿ ಅವರು ಆಕೆಗೆ ಕೊಡುವಂತಾದರೆ, ಆ ಒಬ್ಬರು ತಾವರಿಯದೆಯೇ ಮೇಸ್ತ್ರಿಯಾಗುತ್ತಾರೆ. ಒಂದು ಮನೆಯವರು ತಡಮಾಡಿದರೆ ಪೂರ್ತಿ ಸಂಬಳ ತಡೆದು ನಿಲ್ಲುತ್ತದೆ, ಕಾರಣ ಕೇಳಲು ಆಕೆಗೆ ಯಾರ ಬಾಗಿಲು ತಟ್ಟಬೇಕೆಂದು ತಿಳಿಯುವುದಿಲ್ಲ. ತಿಂಗಳ 1ನೇ ತಾರೀಖು ನಾಲ್ಕೂ ಮನೆಯವರು ತಮ್ಮ ತಮ್ಮ ಪಾಲನ್ನು ಫೋನ್‌ಪೇಯಲ್ಲೋ ಕೈಯಲ್ಲೋ ನೇರವಾಗಿ ಕೊಡಬೇಕು. ಮೊತ್ತ ಮತ್ತು ಪಾಲುಗಳ ಹಾಳೆಯ ಒಂದು ಪ್ರತಿ ತೆಲುಗಿನಲ್ಲಿ ಆಕೆಯ ಬಳಿ ಇರಬೇಕು. ಆಕೆಗೆ ಓದಲು ಬಾರದಿದ್ದರೆ ಆಕೆಯ ಮಗಳು ಓದಿ ಹೇಳುತ್ತಾಳೆ. ಫ್ರಾನ್ಸಿನ ಉದಾಹರಣೆ ಇಲ್ಲಿಯೂ ಸಲ್ಲುತ್ತದೆ: ಅಲ್ಲಿ ಎರಡು ಸಂಸಾರಗಳು ಮಕ್ಕಳನ್ನು ನೋಡಿಕೊಳ್ಳುವ ಒಬ್ಬಾಕೆಯನ್ನು ಹಂಚಿಕೊಂಡಾಗ ಎರಡೂ ಸಂಸಾರಗಳು ಬೇರೆ ಬೇರೆ ಕರಾರು ಮಾಡಿಕೊಳ್ಳುತ್ತವೆ. ದುಡಿಮೆ ಒಂದಾದರೂ ಹೊಣೆ ಒಬ್ಬೊಬ್ಬರದೂ ಪ್ರತ್ಯೇಕ.

ಸಾಲದ ವಿಷಯವನ್ನೂ ಇದರಿಂದ ಹೊರಗಿಡಬೇಕು. ಜೂನಿನಲ್ಲಿ ಆಕೆ ಇಪ್ಪತ್ತು ಸಾವಿರ ಕೇಳಿದಾಗ ಒಂದು ಮನೆಯವರು ಕೊಟ್ಟರೆ, ಅದು ಆ ಮನೆಗೂ ಆಕೆಗೂ ನಡುವಿನ ಮಾತು. ಅವರ ಪಾಲಿನಲ್ಲಿ ಒಪ್ಪಿದಷ್ಟು ಕಂತು ಹಿಡಿಯಲಿ. ನಾಲ್ವರೂ ಸೇರಿ ಕೊಟ್ಟು, ತೀರುವವರೆಗೆ ನಾಲ್ಕು ಮನೆಯನ್ನೂ ಬಿಡುವಂತಿಲ್ಲ ಎಂದು ಹಾಳೆಯಲ್ಲಿ ಬರೆದ ಒಂದು ಮಹಡಿಯ ಸುದ್ದಿ ಕೇಳಿದ್ದೇನೆ. ಬರೆದವರು ಕೆಟ್ಟವರಲ್ಲ, ಬಡ್ಡಿಯನ್ನೂ ಕೇಳಿಲ್ಲ. ಆದರೆ ಮುಂಗಡಕ್ಕೆ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಕಾಯ್ದೆ ಏನೆಂದು ಕರೆಯುತ್ತದೆ ಎಂಬುದನ್ನು ಅವರು ಒಮ್ಮೆ ನೋಡಬೇಕಿತ್ತು. ತೆಲುಗಿನ ಜೀತಂ ಕನ್ನಡದ ಜೀತವಾಗುವುದು ಆ ಒಂದು ಸಾಲಿನಲ್ಲಿ.

ಸರ್ಕಾರ ಕಾನೂನು ಮಾಡಲಿ, ನಾವೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರಿಗೆ ಒಂದು ಮಾತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರ ರಕ್ಷಣೆಗೆ ಕಾನೂನು ಬೇಕೇ ಎಂಬುದನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಒಳ್ಳೆಯದೇ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲೇ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ತಂದಿತ್ತು, ಭಾರತ ಅದನ್ನು ಸ್ಥಿರೀಕರಿಸಿಲ್ಲ. ಕಾನೂನು ಬಂದರೂ ಕನಿಷ್ಠ ದರವನ್ನು ಹೇಳೀತೇ ಹೊರತು, 303ರ ಬಾಗಿಲ ಮುಂದಿನ ಅರ್ಧ ಗಂಟೆ ಯಾರದು ಎಂದು ಹೇಳಲಾರದು.

ಹಾಗೆ ಯಾವ ಹಾಳೆಯಲ್ಲೂ ಕಾಣದ ಇನ್ನೊಂದು ವಿಷಯ ವಾರದ ರಜೆ. ಪ್ರತಿ ಮನೆಯವರೂ “ನಾವು ತಿಂಗಳಿಗೆ ನಾಲ್ಕು ರಜೆ ಕೊಡುತ್ತೇವೆ” ಎನ್ನುತ್ತಾರೆ, ಸುಳ್ಳಲ್ಲ. 301ರವರು ಮಂಗಳವಾರ ಕೊಡುತ್ತಾರೆ, 302ರವರು ಶನಿವಾರ, ಹುಡುಗರು ತಾವಿಲ್ಲದ ದಿನ, 304ರವರು ಭಾನುವಾರ. ನಾಲ್ಕು ಮನೆಯ ನಾಲ್ಕು ನಾಲ್ಕು ರಜೆ ಸೇರಿ ತಿಂಗಳಿಗೆ ಹದಿನಾರಾಯಿತು, ಆಕೆಗೆ ಮನೆಯಲ್ಲಿ ಉಳಿಯಲು ಒಂದು ದಿನವೂ ಸಿಗಲಿಲ್ಲ. ಸಂಬಳ ಒಂದಾದ ಮೇಲೆ ರಜೆಯೂ ಒಂದೇ ದಿನ ಆಗಬೇಕು. ನಮ್ಮ ಮಹಡಿಯಲ್ಲಿ ಆಕೆ ಕೇಳಿರುವುದು ಭಾನುವಾರ, ಏಕೆಂದರೆ ಆಕೆಯ ಮಕ್ಕಳಿಗೆ ಶಾಲೆ ಇಲ್ಲದ ದಿನ ಅದು. ಮೂರು ಮನೆಯವರು ಒಪ್ಪಿದ್ದೇವೆ. ನಾಲ್ಕನೆಯ ಮನೆಗೆ ಭಾನುವಾರವೇ ನೆಂಟರು ಬರುತ್ತಾರೆ. ಮಾತು ಇನ್ನೂ ನಡೆಯುತ್ತಿದೆ.